ವೈವಾಗೆ ಮೊದಲು ಗೆಳೆಯರ ಕೈಲಿ ಪ್ರಶ್ನೆ ಕೇಳಿಸಿಕೊಳ್ಳುವುದು, ತಡವರಿಸಿದ ಉತ್ತರಗಳಿಂದ ಬ್ಯಾಕಪ್ ಸ್ಲೈಡ್ ಮಾಡುವುದು

ಪ್ರಾಜೆಕ್ಟ್ ವೈವಾ ಹತ್ತಿರ ಬಂದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ ಥರ ಇರುತ್ತದೆ. "ಸ್ಲೈಡ್ ಎಲ್ಲಾ ರೆಡಿ ಇದೆ ಸರ್, ಹೇಳೋದೂ ಬಾಯಿಪಾಠ ಆಗಿದೆ. ಆದ್ರೆ ಎಕ್ಸ್‌ಟರ್ನಲ್ ಪ್ರಶ್ನೆ ಕೇಳಿದ ತಕ್ಷಣ ತಲೆ ಖಾಲಿ ಆಗುತ್ತೆ. ಏನು ಮಾಡ್ಲಿ?" ಫ್ರೆಂಡ್ ಹತ್ತಿರ ಒಮ್ಮೆ ಪ್ರಶ್ನೆ ಕೇಳಿಸಿಕೊಳ್ಳಿ ಅಂತ ಹೇಳುತ್ತೇನೆ. ಅವರು ಹೋಗಿ ಕೇಳಿಸಿಕೊಂಡು ಬರುತ್ತಾರೆ. "ಚೆನ್ನಾಗಿತ್ತು ಅಂದ" ಅಂತಾರೆ. ಅಲ್ಲಿಗೆ ಮುಗಿಯಿತು.

ತೊಂದರೆ ಇರುವುದು ಅಲ್ಲೇ. ಗೆಳೆಯ ಪ್ರಶ್ನೆ ಕೇಳಿದ್ದು ಅರ್ಧ ಕೆಲಸ. ನೀವು ಎಲ್ಲಿ ತಡವರಿಸಿದಿರಿ, ಯಾಕೆ ತಡವರಿಸಿದಿರಿ, ಅದಕ್ಕೆ ಬ್ಯಾಕಪ್ ಸ್ಲೈಡ್, ಅಂದರೆ ಪ್ರಶ್ನೆ ಬಂದರೆ ಮಾತ್ರ ತೆರೆಯಲು ಕೊನೆಯಲ್ಲಿ ಇಟ್ಟುಕೊಂಡ ಸ್ಲೈಡ್, ಬೇಕಾ ಬೇಡವಾ ಅಂತ ನೋಡುವುದು ಉಳಿದರ್ಧ. ಈ ಲೇಖನ ಪೂರ್ತಿ ಕೆಲಸದ ಬಗ್ಗೆ, ಉಳಿದರ್ಧದ ಬಗ್ಗೆ ಸ್ವಲ್ಪ ಜಾಸ್ತಿ.

ಉದಾಹರಣೆ ಇಲ್ಲದೆ ಇದನ್ನು ಹೇಳಿದರೆ ಗಾಳಿಮಾತು ಆಗುತ್ತದೆ. ಹಾಗಾಗಿ ಸಿವಿಲ್ ವಿಭಾಗದಲ್ಲಿ ವರ್ಷಾವರ್ಷ ಬರುವ ಒಂದು ಪ್ರಾಜೆಕ್ಟ್ ತೆಗೆದುಕೊಳ್ಳುತ್ತೇನೆ: ಕಾಂಕ್ರೀಟಿನಲ್ಲಿ ಹೊಳೆ ಮರಳಿನ ಬದಲು ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು. ಎಂ30 ಕಾಂಕ್ರೀಟು. ಮರಳನ್ನು ಶೇ. 0, 25, 50, 75, 100ರಷ್ಟು ಎಂ-ಸ್ಯಾಂಡಿಗೆ ಬದಲಾಯಿಸಿ, ಪ್ರತಿ ಮಿಶ್ರಣಕ್ಕೆ ಮೂರು ಕ್ಯೂಬ್ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಒತ್ತಿ ಒಡೆದು ನೋಡಿದ್ದು. ಸರಾಸರಿ ಬಲ ಕ್ರಮವಾಗಿ 38.6, 39.4, 41.2, 40.1, 38.9 ಎಂಪಿಎ ಬಂದಿದೆ ಅಂತಿಟ್ಟುಕೊಳ್ಳಿ. (ಎಂಪಿಎ ಅಂದರೆ ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಬಲ ಅಂತ.) ಈ ಅಂಕಿಗಳು ವಿವರಣೆಗೆಂದು ನಾನೇ ಕೂಡಿಸಿದ್ದು, ಆದರೆ ಇಂಥ ಪ್ರಾಜೆಕ್ಟುಗಳಲ್ಲಿ ಕಾಣುವ ಥರದ್ದೇ. ಕೊನೆಯ ಸ್ಲೈಡಿನಲ್ಲಿ ಒಂದು ಸಾಲು: "ಶೇ. 50 ಬದಲಾವಣೆಯೇ ಅತ್ಯುತ್ತಮ."

ನೀವು ಬೇರೆ ವಿಭಾಗದವರಾದರೆ ಕಾಂಕ್ರೀಟಿನ ಜಾಗದಲ್ಲಿ ನಿಮ್ಮ ವಿಷಯ ಇಟ್ಟುಕೊಂಡು ಓದಿ.

ಏನೇನು ಬೇಕು

ಒಬ್ಬ ಗೆಳೆಯ ಅಥವಾ ಗೆಳತಿ. ಸ್ಲೈಡುಗಳ ಪ್ರಿಂಟು, ಪುಟಕ್ಕೆ ಎರಡರಂತೆ, ಪ್ರತಿ ಸ್ಲೈಡಿನ ಮೇಲೂ ನಂಬರ್ ಕಾಣುವಂತೆ. ಮಾತು ರೆಕಾರ್ಡ್ ಮಾಡಲು ಒಂದು ಫೋನ್. ನಿಮ್ಮ ಲ್ಯಾಬ್ ರೆಕಾರ್ಡ್, ಅಂದರೆ ಪ್ರಯೋಗ ಮಾಡುವಾಗ ಕೈಯಾರೆ ಬರೆದ ಪುಸ್ತಕ. ಟೈಪ್ ಮಾಡಿದ ರಿಪೋರ್ಟ್ ಸಾಲದು, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಒಂದೂವರೆ ಗಂಟೆ ಬಿಡುವು. ಮತ್ತು ವೈವಾಗೆ ಕಡಿಮೆ ಅಂದರೂ ಐದು ದಿನ ಬಾಕಿ ಇರಬೇಕು. ಹಿಂದಿನ ರಾತ್ರಿ ಇದನ್ನು ಮಾಡಬೇಡಿ. ತಪ್ಪು ಕಾಣಿಸುತ್ತದೆ, ತಿದ್ದಲು ಸಮಯ ಇರುವುದಿಲ್ಲ, ನಿದ್ದೆಯೂ ಹೋಗುತ್ತದೆ.

ಹಂತ 1: ಯಾರನ್ನು ಕೂರಿಸಬೇಕು, ಏನು ಹೇಳಿ ಕೂರಿಸಬೇಕು

ಮೊದಲ ಸುತ್ತಿಗೆ ನಿಮ್ಮ ಬ್ಯಾಚಿನವರು ಬೇಡ. ಅವರಿಗೆ ನಿಮ್ಮಷ್ಟೇ ಗೊತ್ತು, ನೀವು ನುಂಗಿದ ವಿಷಯವನ್ನು ಅವರೂ ನುಂಗುತ್ತಾರೆ. ಬೇರೆ ವಿಭಾಗದ ರೂಮ್‌ಮೇಟ್ ಇದ್ದರೆ ಅವರೇ ಸರಿ. ಎಕ್ಸ್‌ಟರ್ನಲ್ ಎಷ್ಟೋ ಸಲ ಕೇಳುವುದು ತೀರಾ ಮೂಲದ ಪ್ರಶ್ನೆ. ಅದು ವಿಷಯ ಗೊತ್ತಿಲ್ಲದವರ ಬಾಯಲ್ಲಿ ತಾನಾಗಿ ಬರುತ್ತದೆ.

ಪ್ರಿಂಟನ್ನು ಹಿಂದಿನ ದಿನವೇ ಕೊಡಿ. ಜೊತೆಗೆ ಇಷ್ಟು ಹೇಳಿ: "ಅಂಕಿ ಕಂಡ ಕಡೆಯೆಲ್ಲ 'ಇದು ಎಲ್ಲಿಂದ ಬಂತು' ಅಂತ ಬರ್ಕೊ. 'ಅತ್ಯುತ್ತಮ', 'ಹೆಚ್ಚಾಯ್ತು', 'ಕಡಿಮೆಯಾಯ್ತು' ಅನ್ನೋ ಮಾತು ಕಂಡ್ರೆ 'ಹೇಗೆ ಗೊತ್ತು' ಅಂತ ಬರ್ಕೊ. ಗೊತ್ತಿಲ್ಲದ ಪದ ಕಂಡ್ರೆ 'ಹಂಗಂದ್ರೆ ಏನು' ಅಂತ ಬರ್ಕೊ." ಇಷ್ಟೇ ಸಾಕು. ವಿಷಯ ಗೊತ್ತಿಲ್ಲದವರೂ ಈ ಮೂರರಿಂದ ಇಪ್ಪತ್ತು ಪ್ರಶ್ನೆ ತೆಗೆಯುತ್ತಾರೆ.

ಮತ್ತೊಂದು ಕರಾರು ಮಾಡಿಕೊಳ್ಳಿ. ಉತ್ತರ ಕೇಳುವಾಗ ಅವರು ತಲೆ ಆಡಿಸಬಾರದು, "ಹಾಂ ಹಾಂ" ಅನ್ನಬಾರದು. ನೀವು ತಡವರಿಸಿದರೆ ಪದ ಹುಡುಕಿ ಕೊಡಬಾರದು. ಗೆಳೆಯರಿಗೆ ಇದೇ ಕಷ್ಟ. ಪಾಪ ಅನಿಸಿ ಸಹಾಯ ಮಾಡಿಬಿಡುತ್ತಾರೆ.

ಹಂತ 2: ಸುತ್ತು ನಡೆಸುವುದು

ಫೋನ್ ರೆಕಾರ್ಡಿಂಗ್ ಶುರು ಮಾಡಿ, ಎದ್ದು ನಿಂತು, ನಿಜವಾದ ಸಮಯದಲ್ಲೇ ಹೇಳಿ. ಹದಿನೈದು ನಿಮಿಷದ ಪ್ರೆಸೆಂಟೇಶನ್ ಆದರೆ ಹದಿನೈದೇ ನಿಮಿಷ. ಈ ಹೊತ್ತಲ್ಲಿ ಗೆಳೆಯ ನಡುವೆ ಬಾಯಿ ಹಾಕಬಾರದು. ಆಮೇಲೆ ಪ್ರಶ್ನೆಗಳು, ಇಪ್ಪತ್ತೈದು ನಿಮಿಷ. ಪ್ರತಿ ಪ್ರಶ್ನೆಗೂ ಮೊದಲು ಸ್ಲೈಡ್ ನಂಬರ್ ಹೇಳಬೇಕು. ನೀವು ಉತ್ತರಿಸಿದ ಮೇಲೆ ಅದೇ ವಿಷಯದ ಮೇಲೆ ಇನ್ನೊಂದು ಪ್ರಶ್ನೆ ಹಾಕಿಯೇ ಮುಂದಕ್ಕೆ ಹೋಗಬೇಕು. ಮೊದಲ ಪ್ರಶ್ನೆಗೆ ಬಾಯಿಪಾಠ ನಡೆಯುತ್ತದೆ. ಎರಡನೆಯದಕ್ಕೆ ನಡೆಯುವುದಿಲ್ಲ.

ನಮ್ಮ ಎಂ-ಸ್ಯಾಂಡ್ ಪ್ರಾಜೆಕ್ಟಿನಲ್ಲಿ ಅದು ಹೀಗೆ ಹೋಗುತ್ತದೆ. ಕೇಳುವವನು ಕಂಪ್ಯೂಟರ್ ಸೈನ್ಸಿನವನು.

"ಒಂಬತ್ತನೇ ಸ್ಲೈಡು. ಮೆಷಿನ್ ಮೇಲೆ 41.2 ಅಂತ ತೋರಿಸುತ್ತಾ?"

"ಇಲ್ಲ ಕಣೋ, ಮೆಷಿನ್ ಕಿಲೋನ್ಯೂಟನ್ ತೋರಿಸುತ್ತೆ. ಅದನ್ನ ಭಾಗ ಮಾಡ್ಬೇಕು."

"ಎಷ್ಟರಿಂದ?"

"ಅದೇ... ಏರಿಯಾದಿಂದ. ಕ್ಯೂಬಿನ ಏರಿಯಾ."

"ಎಷ್ಟು?"

ಮೌನ. ಕ್ಯೂಬು 150 ಮಿಮೀ ಅಂತ ಗೊತ್ತು, ನೂರು ಸಲ ಅಚ್ಚು ಕಳಚಿದ್ದಾನೆ. ಆದರೂ 150 ಗುಣಿಸು 150, 22,500 ಚದರ ಮಿಮೀ ಅನ್ನುವುದು ಆ ಕ್ಷಣಕ್ಕೆ ಬಾಯಿಗೆ ಬರಲಿಲ್ಲ.

"ಆರನೇ ಸ್ಲೈಡು. ಎಂ-ಸ್ಯಾಂಡು ಹೊಳೆ ಮರಳಿಗಿಂತ ಜಾಸ್ತಿ ನೀರು ಹೀರುತ್ತೆ ಅಂತ ಬರೆದಿದೀಯ. ಹಂಗಾದ್ರೆ ನೀನು ಹಾಕಿದ ನೀರನ್ನ ಅದೇ ಕುಡಿದುಬಿಡಲ್ವಾ?"

"ಕುಡಿಯುತ್ತೆ. ಅದಕ್ಕೆ ಕರೆಕ್ಷನ್ ಮಾಡ್ತೀವಿ."

"ಎಷ್ಟು ಮಾಡಿದ್ರಿ?"

"ಅದು ರಿಪೋರ್ಟಲ್ಲಿ ಇದೆ."

"ಹನ್ನೆರಡನೇ ಸ್ಲೈಡು. ಐವತ್ತಕ್ಕೆ 41.2, ಎಪ್ಪತ್ತೈದಕ್ಕೆ 40.1. ಒಂದು ಚೂರು ವ್ಯತ್ಯಾಸ. ಇನ್ನೊಂದ್ಸಲ ಮಾಡಿದ್ರೆ ಎಪ್ಪತ್ತೈದೇ ಜಾಸ್ತಿ ಬರಬಹುದಲ್ವಾ?"

"ಇಲ್ಲ... ಅಂದ್ರೆ, ಬರಬಹುದು, ಆದ್ರೆ ಲಿಟರೇಚರಲ್ಲೂ ಐವತ್ತು ಅಂತಾನೇ ಇದೆ."

ಮೂರೂ ಉತ್ತರ ಸೋತಿವೆ, ಆದರೆ ಒಂದೊಂದು ಸೋತಿದ್ದು ಒಂದೊಂದು ಕಾರಣಕ್ಕೆ. ಇದನ್ನು ಗುರುತಿಸದೆ ಮೂರಕ್ಕೂ ಸ್ಲೈಡ್ ಮಾಡಲು ಕೂತರೆ ಅರ್ಧ ದಿನ ಹಾಳು.

ಹಂತ 3: ಅದೇ ದಿನ ರೆಕಾರ್ಡಿಂಗ್ ಕೇಳುವುದು

ನಿಮ್ಮದೇ ದನಿ ಕೇಳಲು ಮುಜುಗರ ಆಗುತ್ತದೆ, ಗೊತ್ತು. ಆದರೂ ಕೇಳಿ. ನೆನಪಿನ ಮೇಲೆ ಹೋದರೆ ನಿಮಗೆ ನೆನಪಾಗುವುದು ಪೂರ್ತಿ ನಿಂತುಹೋದ ಒಂದೆರಡು ಉತ್ತರ ಮಾತ್ರ. ಮಾತು ಸರಾಗವಾಗಿ ಹರಿದು ಉತ್ತರ ಮಾತ್ರ ಬಾರದ ಜಾಗಗಳು ರೆಕಾರ್ಡಿಂಗಿನಲ್ಲೇ ಸಿಗುವುದು.

ನಾನು ಗುರುತು ಹಾಕುವ ಲಕ್ಷಣ ಇವು. ಅಂಕಿ ಕೇಳಿದ ಪ್ರಶ್ನೆಗೆ ಅರ್ಧ ನಿಮಿಷ ಕಳೆದರೂ ಅಂಕಿ ಬಂದಿಲ್ಲ. "ಲಿಟರೇಚರಲ್ಲಿ ಹಾಗೇ ಇದೆ", "ಗೈಡ್ ಹೇಳಿದ್ರು", "ರಿಪೋರ್ಟಲ್ಲಿ ಇದೆ" ಅಂದಿದ್ದೀರಿ. ಕೋಡಿನ ನಂಬರ್ ಹೇಳಿದ್ದೀರಿ, ಆದರೆ ಅದು ಏನು ಹೇಳುತ್ತದೆ ಅಂತ ಹೇಳಿಲ್ಲ. (ಕೋಡ್ ಅಂದರೆ ಭಾರತೀಯ ಮಾನಕ ಬ್ಯೂರೊ ಹೊರಡಿಸುವ ಐಎಸ್ ನಿಯಮ ಪುಸ್ತಕ.) ಅಥವಾ ಕೇಳಿದ್ದು ಒಂದು, ಹೇಳಿದ್ದು ಪಕ್ಕದ್ದು. ಕೊನೆಯದು ಕೇಳಲು ತುಂಬಾ ಚೆನ್ನಾಗಿರುತ್ತದೆ, ಅದಕ್ಕೇ ಅಪಾಯ.

ಒಂದು ಹಾಳೆಯಲ್ಲಿ ಪ್ರಶ್ನೆಯನ್ನು ಗೆಳೆಯ ಕೇಳಿದ ಮಾತಲ್ಲೇ ಬರೆಯಿರಿ. "ವಾಟರ್ ಅಬ್ಸಾರ್ಪ್ಶನ್ ಕರೆಕ್ಷನ್" ಅಂತ ಬರೆಯಬೇಡಿ. "ಹಾಕಿದ ನೀರನ್ನ ಅದೇ ಕುಡಿದುಬಿಡಲ್ವಾ" ಅಂತಲೇ ಬರೆಯಿರಿ. ವೈವಾದಲ್ಲೂ ಪ್ರಶ್ನೆ ಪಠ್ಯಪುಸ್ತಕದ ಹೆಸರು ಹೊತ್ತು ಬರುವುದಿಲ್ಲ.

ಹಂತ 4: ನಾಲ್ಕು ಗುಂಪಾಗಿ ಬೇರ್ಪಡಿಸುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಪ್ರತಿ ಸೋತ ಉತ್ತರದ ಮುಂದೆ ಲ್ಯಾಬ್ ರೆಕಾರ್ಡ್ ತೆರೆದಿಟ್ಟು ಕೇಳಿಕೊಳ್ಳಿ: ಇದಕ್ಕೆ ಉತ್ತರ ನನ್ನ ಹತ್ತಿರ ಇದೆಯಾ?

*ಇದೆ, ಒಂದೆರಡು ವಾಕ್ಯದಲ್ಲಿ ಹೇಳಬಹುದು.* ಕ್ಯೂಬಿನ ಏರಿಯಾ ಈ ಗುಂಪಿನದು. "ಒಂದು ಕ್ಯೂಬಿಗೆ ಮೆಷಿನ್ 970 ಕಿಲೋನ್ಯೂಟನ್, ಅಂದರೆ 9,70,000 ನ್ಯೂಟನ್ ತೋರಿಸಿತು ಸರ್, 22,500 ಚದರ ಮಿಲಿಮೀಟರಿನಿಂದ ಭಾಗಿಸಿದರೆ 43.1 ಎಂಪಿಎ. ಇಂಥ ಮೂರು ಕ್ಯೂಬಿನ ಸರಾಸರಿ 41.2." ಇಷ್ಟನ್ನು ಹತ್ತು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡರೆ ಮುಗಿಯಿತು. ಸ್ಲೈಡ್ ಬೇಡ. ಗುರಿ ಬಲ, ಅಂದರೆ ಎಂ30 ಕಾಂಕ್ರೀಟಿಗೆ ಬೇಕಾದ 30 ಎಂಪಿಎ ತಪ್ಪದಿರಲಿ ಅಂತ ಮಿಶ್ರಣಕ್ಕೆ ಇಟ್ಟುಕೊಳ್ಳುವ ಹೆಚ್ಚಿನ ಗುರಿ, 38.25 ಎಲ್ಲಿಂದ ಬಂತು ಅನ್ನುವುದೂ ಇಲ್ಲಿಗೇ ಸೇರುತ್ತದೆ: ಐಎಸ್ 10262ರ 2019ರ ಆವೃತ್ತಿಯಂತೆ 1.65 ಗುಣಿಸು 5, ಅಂದರೆ 8.25 ಅನ್ನು 30ಕ್ಕೆ ಕೂಡಿಸಿದರೆ 38.25. ಇನ್ನೊಂದು ಸೂತ್ರದಲ್ಲಿ 30ಕ್ಕೆ 6.5 ಕೂಡಿಸಿದರೆ 36.5. ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು.

*ಇದೆ, ಆದರೆ ಬಾಯಲ್ಲಿ ಹೇಳಿದರೆ ಕೇಳುವವರಿಗೆ ಹಿಡಿಯುವುದಿಲ್ಲ.* ಐದು ಮಿಶ್ರಣದ ನೀರಿನ ಲೆಕ್ಕ, ಯಾವ ಜರಡಿಯಿಂದ ಎಷ್ಟು ಮರಳು ಕೆಳಗಿಳಿಯಿತು ಅಂತ ತೋರಿಸುವ ಜರಡಿ ಪರೀಕ್ಷೆಯ ಗೆರೆ, ಇಂಥವು. ಬ್ಯಾಕಪ್ ಸ್ಲೈಡ್ ಬೇಕಾಗಿರುವುದು ಈ ಗುಂಪಿಗೆ.

*ಉತ್ತರ ಹುಡುಕಲು ಹೋದರೆ ನನ್ನ ಸ್ಲೈಡೇ ತಪ್ಪು ಅಂತ ಗೊತ್ತಾಗುತ್ತದೆ.* "ಶೇ. 50 ಅತ್ಯುತ್ತಮ" ಈ ಗುಂಪು. ಇಲ್ಲಿ ಮೊದಲು ತಿದ್ದಬೇಕಾದದ್ದು ಮುಖ್ಯ ಸ್ಲೈಡನ್ನು. ತಪ್ಪು ಮಾತನ್ನು ಹಾಗೇ ಬಿಟ್ಟು, ಸಮರ್ಥಿಸಲು ಹಿಂದೆ ಒಂದು ಬ್ಯಾಕಪ್ ಇಡುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಎಕ್ಸ್‌ಟರ್ನಲ್ ಆ ಬ್ಯಾಕಪ್ ನೋಡಿಯೇ "ಹಾಗಾದ್ರೆ ನಿಮ್ಮ ಕನ್‌ಕ್ಲೂಷನ್ ಸರಿ ಇಲ್ಲ ಅಲ್ವಾ" ಅಂತಾರೆ.

*ಇಲ್ಲ, ಮಾಡಿಲ್ಲ.* "90 ದಿನಕ್ಕೆ ನೋಡಿದ್ರಾ? ಬಾಳಿಕೆ ಪರೀಕ್ಷೆ ಮಾಡಿದ್ರಾ?" ಮಾಡಿಲ್ಲ ಅಂದರೆ ಮಾಡಿಲ್ಲ. ಮಿತಿಗಳ ಸ್ಲೈಡಿನಲ್ಲಿ ಒಂದು ಸಾಲು: "28 ದಿನದ ಒತ್ತಡ ಬಲ ಮಾತ್ರ ನೋಡಿದ್ದೇವೆ, ಬಾಳಿಕೆ ನೋಡಿಲ್ಲ." ಇಂಟರ್‌ನೆಟ್ಟಿನಿಂದ ಬೇರೆಯವರ ಬಾಳಿಕೆ ಗ್ರಾಫ್ ತಂದು ಬ್ಯಾಕಪ್‌ಗೆ ಹಾಕಬೇಡಿ. ಅದರ ಮೇಲೆ ಎರಡನೇ ಪ್ರಶ್ನೆ ಬಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಿಮ್ಮದಲ್ಲದ ಪ್ರಯೋಗಕ್ಕೆ ನೀವು ಹೇಗೆ ಉತ್ತರ ಕೊಡುತ್ತೀರಿ?

ಇಪ್ಪತ್ತು ಪ್ರಶ್ನೆಯಲ್ಲಿ ಎಂಟೋ ಹತ್ತೋ ಸೋತಿದ್ದರೆ, ಎರಡನೇ ಗುಂಪಿಗೆ ಬೀಳುವುದು ಮೂರೋ ನಾಲ್ಕೋ. ಎಲ್ಲವೂ ಅಲ್ಲೇ ಬಿದ್ದಿದ್ದರೆ ನೀವು ಬೇರ್ಪಡಿಸಿಲ್ಲ, ಸುಮ್ನೆ ಪಟ್ಟಿ ಮಾಡಿದ್ದೀರಿ.

ಹಂತ 5: ಸ್ಲೈಡ್ ಕಟ್ಟುವುದು

ಮೂರು ಸ್ಲೈಡುಗಳನ್ನು ಪೂರ್ತಿ ಮಾಡಿ ನೋಡೋಣ.

*ಮೊದಲನೆಯದು, ನೀರಿನ ಲೆಕ್ಕ.* ಒಂದು ಘನ ಮೀಟರಿಗೆ ಸಿಮೆಂಟು 380 ಕೆಜಿ, ನೀರು 171 ಕೆಜಿ. ನೀರನ್ನು ಸಿಮೆಂಟಿನಿಂದ ಭಾಗಿಸಿದರೆ 0.45. ಈ ಅನುಪಾತ ಕಡಿಮೆಯಾದರೆ ಕಾಂಕ್ರೀಟಿನ ಬಲ ಏರುತ್ತದೆ, ಅದಕ್ಕೇ ಈ ಪ್ರಶ್ನೆಗೆ ಅಷ್ಟು ತೂಕ. ಸಣ್ಣ ಜಲ್ಲಿ, ಅಂದರೆ ಮರಳು, 700 ಕೆಜಿ, ಒಣಗಿದ್ದು. ಹೊಳೆ ಮರಳು ತನ್ನ ತೂಕದ ಶೇ. 1.2ರಷ್ಟು, ಎಂ-ಸ್ಯಾಂಡು ಶೇ. 2.4ರಷ್ಟು ನೀರು ಹೀರುತ್ತದೆ ಅಂತ ಲ್ಯಾಬಿನಲ್ಲಿ ಬಂದಿದೆ.

ಎಲ್ಲಾ ಮಿಶ್ರಣಕ್ಕೂ ಹೊಳೆ ಮರಳಿನ ಲೆಕ್ಕದಲ್ಲೇ ಹೆಚ್ಚುವರಿ ನೀರು ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಪೂರ್ತಿ ಎಂ-ಸ್ಯಾಂಡಿನ ಮಿಶ್ರಣದಲ್ಲಿ ಆ ಲೆಕ್ಕಕ್ಕಿಂತ 700ರ ಶೇ. 1.2, ಅಂದರೆ 8.4 ಕೆಜಿ ಹೆಚ್ಚು ನೀರನ್ನು ಮರಳು ಹೀರಿಬಿಡುತ್ತದೆ. ಸಿಮೆಂಟಿಗೆ ಉಳಿಯುವುದು 162.6 ಕೆಜಿ. ಅನುಪಾತ 0.45ರಿಂದ 0.43ರ ಹತ್ತಿರಕ್ಕೆ ಇಳಿಯುತ್ತದೆ. ಆಗ ಬಲ ಏರಿದ್ದು ಎಂ-ಸ್ಯಾಂಡಿನಿಂದಲೋ, ನೀರು ಕಮ್ಮಿಯಾದ್ದರಿಂದಲೋ ಹೇಳಲು ಬರುವುದಿಲ್ಲ. ಇಡೀ ಪ್ರಾಜೆಕ್ಟು ಈ ಒಂದು ಪ್ರಶ್ನೆಗೆ ಬೀಳಬಹುದು. ಕೇಳಿದ್ದು ಕಂಪ್ಯೂಟರ್ ಸೈನ್ಸಿನ ಹುಡುಗ!

ಅದೃಷ್ಟಕ್ಕೆ ಲ್ಯಾಬ್ ರೆಕಾರ್ಡಿನಲ್ಲಿ ಎರಡು ಮರಳಿಗೂ ಬೇರೆ ಬೇರೆ ಲೆಕ್ಕ ಇದೆ. ಇದು ಟೈಪ್ ಮಾಡಿದ ರಿಪೋರ್ಟಿಗೆ ಬಂದೇ ಇರಲಿಲ್ಲ. "ರಿಪೋರ್ಟಲ್ಲಿ ಇದೆ" ಅಂದಿದ್ದು ಸುಳ್ಳಾಗಿತ್ತು. ಈಗ ಸ್ಲೈಡಿನ ತಲೆಬರಹ: "ಪ್ರತಿ ಮರಳಿಗೂ ಅದರದೇ ಹೀರಿಕೆಯಂತೆ ನೀರು ಸೇರಿಸಿದ್ದೇವೆ; ಅನುಪಾತ ಎಲ್ಲದರಲ್ಲೂ 0.45." ಕೆಳಗೆ ಚಿಕ್ಕ ಕೋಷ್ಟಕ, ಮೂರೇ ಸಾಲು:

| ಎಂ-ಸ್ಯಾಂಡ್ (ಶೇ.) | ಮರಳು ಹೀರುವ ನೀರು (ಕೆಜಿ) | ಒಟ್ಟು ಹಾಕಿದ ನೀರು (ಕೆಜಿ) | ಸಿಮೆಂಟಿಗೆ ಉಳಿದದ್ದು (ಕೆಜಿ) |
|---|---|---|---|
| 0 | 8.4 | 179.4 | 171 |
| 50 | 4.2 + 8.4 = 12.6 | 183.6 | 171 |
| 100 | 16.8 | 187.8 | 171 |

ಕೆಳಗೆ ಸಣ್ಣದಾಗಿ: "ದಪ್ಪ ಜಲ್ಲಿಯ ಹೀರಿಕೆ ಎಲ್ಲದರಲ್ಲೂ ಒಂದೇ, ಇಲ್ಲಿ ಸೇರಿಸಿಲ್ಲ." ಐದೂ ಮಿಶ್ರಣ ತುಂಬಿಸಬೇಡಿ. ಮೂರರಲ್ಲಿ ವಿಷಯ ತಿಳಿಯುತ್ತದೆ.

ತಲೆಬರಹ ಗಮನಿಸಿ. "ನೀರಿನ ತಿದ್ದುಪಡಿ" ಅಂತ ಬರೆದಿದ್ದರೆ ನೀವು ಮತ್ತೆ ವಿವರಿಸಬೇಕಿತ್ತು. ಉತ್ತರವನ್ನೇ ತಲೆಬರಹ ಮಾಡಿದರೆ, ಗಾಬರಿಯಲ್ಲಿ ಮಾತು ನಿಂತರೂ ಸ್ಲೈಡ್ ಉತ್ತರ ಹೇಳುತ್ತದೆ. ನೀವು ಅದನ್ನು ಓದಿದರೂ ಸಾಕು.

ಸ್ಲೈಡ್ ಮಾಡಿದ ಮೇಲೆ ಅದಕ್ಕೆ ಬರುವ ಮುಂದಿನ ಪ್ರಶ್ನೆಯನ್ನೂ ಊಹಿಸಿ. ಇಲ್ಲಿ ಅದು: "ನೀರು ಸರಿಯಾಗಿ ಹಾಕಿದ್ರೆ ಸ್ಲಂಪ್ 95ರಿಂದ 60 ಮಿಲಿಮೀಟರಿಗೆ ಯಾಕೆ ಇಳೀತು?" (ಸ್ಲಂಪ್ ಅಂದರೆ ಹಸಿ ಕಾಂಕ್ರೀಟನ್ನು ಶಂಕುವಿನ ಅಚ್ಚಲ್ಲಿ ತುಂಬಿ, ಅಚ್ಚು ಎತ್ತಿದಾಗ ಅದು ಎಷ್ಟು ಕುಸಿಯಿತು ಅನ್ನುವ ಅಳತೆ.) ಎಂ-ಸ್ಯಾಂಡಿನ ಕಾಳು ಮೂಲೆಮೂಲೆಯಾಗಿರುತ್ತದೆ, ಹೊಳೆ ಮರಳಿನಂತೆ ಉರುಳುವುದಿಲ್ಲ. ಜೊತೆಗೆ ನಯವಾದ ಪುಡಿ ಜಾಸ್ತಿ, ಅದರ ಮೈ ನೆನೆಯಲು ನೀರು ಬೇಕು. ಇದು ಬಾಯಲ್ಲಿ ಹೇಳುವ ಉತ್ತರ, ಸ್ಲೈಡ್ ಬೇಡ.

ಒಂದು ವೇಳೆ ನಿಮ್ಮ ರೆಕಾರ್ಡಿನಲ್ಲಿ ಲೆಕ್ಕ ಒಂದೇ ಮರಳಿನದಿದ್ದರೆ? ಆಗ ಇದು ಮೂರನೇ ಗುಂಪು. ವೈವಾವರೆಗೆ ಮುಚ್ಚಿಟ್ಟುಕೊಳ್ಳಬೇಡಿ. ಇವತ್ತೇ ಗೈಡ್ ಹತ್ತಿರ ಹೋಗಿ. ಐದು ದಿನ ಇರಲಿ ಅಂದಿದ್ದು ಇದಕ್ಕೇ.

*ಎರಡನೆಯದು, "ಶೇ. 50 ಅತ್ಯುತ್ತಮ".* ಸರಾಸರಿ ಬಿಟ್ಟು ಬಿಡಿ ಕ್ಯೂಬುಗಳನ್ನು ನೋಡಿ. ಶೇ. 50ರ ಮೂರು ಕ್ಯೂಬು 43.1, 41.6, 38.9. ಶೇ. 75ರವು 42.0, 40.3, 38.0. ಎಂ-ಸ್ಯಾಂಡೇ ಇಲ್ಲದ ಮಿಶ್ರಣದವು 39.9, 38.7, 37.2. ಒಂದೇ ಮಿಶ್ರಣದ ಮೂರು ಕ್ಯೂಬುಗಳ ನಡುವೆಯೇ ನಾಲ್ಕು ಎಂಪಿಎ ಅಂತರ ಇದೆ. ಹಾಗಿರುವಾಗ 1.1 ಎಂಪಿಎ ಅಂತರ ಹಿಡಿದು ಐವತ್ತು ಗೆದ್ದಿತು, ಎಪ್ಪತ್ತೈದು ಸೋತಿತು ಅನ್ನುವುದು ಹೇಗೆ? ಶೇ. 50ರ ಕನಿಷ್ಠ ಕ್ಯೂಬು ಶೇ. 0ರ ಗರಿಷ್ಠ ಕ್ಯೂಬಿಗಿಂತಲೂ ಕೆಳಗಿದೆ.

ಗೆಳೆಯನ ಅನುಮಾನ ಸರಿ ಇತ್ತು. ಮುಖ್ಯ ಸ್ಲೈಡಿನ ಸಾಲು ಬದಲಾಗಬೇಕು: "ಐದೂ ಮಿಶ್ರಣಗಳ ಸರಾಸರಿ ಗುರಿ ಬಲ 38.25ಕ್ಕಿಂತ ಮೇಲಿದೆ. ಸರಾಸರಿಯಲ್ಲಿ ಶೇ. 50 ಮುಂದಿದ್ದರೂ, ಮೂರು ಕ್ಯೂಬುಗಳ ಮೇಲೆ ಅದನ್ನು ಶೇ. 75ರಿಂದ ಬೇರ್ಪಡಿಸಲಾಗದು." ಮೊದಲಿನಷ್ಟು ಜೋರಾಗಿ ಕೇಳಿಸುವುದಿಲ್ಲ, ನಿಜ. ಆದರೆ ಕಟ್ಟುವವರಿಗೆ ಇದೇ ಹೆಚ್ಚು ಉಪಯೋಗ: ಈ ಅಂಕಿಗಳ ಮಟ್ಟಿಗೆ, ಪೂರ್ತಿ ಎಂ-ಸ್ಯಾಂಡ್ ಹಾಕಿದರೂ ಸರಾಸರಿ ಬಲ ಗುರಿ ಮುಟ್ಟಿದೆ.

ಆಮೇಲೆ ಬ್ಯಾಕಪ್. ಅಡ್ಡಗೆರೆಯಲ್ಲಿ ಐದು ಮಿಶ್ರಣ, ಪ್ರತಿಯೊಂದರ ಮೇಲೆ ಮೂರು ಚುಕ್ಕೆ, ಸರಾಸರಿಗೆ ಒಂದು ಸಣ್ಣ ಗೀಟು, 38.25ಕ್ಕೆ ಅಡ್ಡಲಾಗಿ ಒಂದು ಕಡಿಗೆರೆ. ಕಂಬದ ಗ್ರಾಫ್ ಬೇಡ, ಅದರಲ್ಲಿ ಬಿಡಿ ಕ್ಯೂಬು ಮಾಯವಾಗುತ್ತದೆ. ತಲೆಬರಹ: "ಬಿಡಿ ಕ್ಯೂಬುಗಳ ಬಲ ಒಂದರ ಮೇಲೊಂದು ಬೀಳುತ್ತದೆ." ಮೂಲೆಯಲ್ಲಿ: "ಯಾವ ಕ್ಯೂಬೂ ತನ್ನ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರ ಇಲ್ಲ." ಈ ಶೇ. 15ರ ಮಿತಿ ಐಎಸ್ 456ರದು. ಅದನ್ನು ದಾಟಿದರೆ ಆ ಫಲಿತಾಂಶವೇ ಅಸಿಂಧು. ಇಲ್ಲಿ 41.2ರ ಶೇ. 15 ಅಂದರೆ 6.2ರಷ್ಟು. ನಮ್ಮ ಕ್ಯೂಬು ಹೆಚ್ಚೆಂದರೆ 2.3 ದೂರ ಹೋಗಿದೆ.

*ಮೂರನೆಯದು, ಜರಡಿ.* "ಇದು ಎಂ-ಸ್ಯಾಂಡೋ, ಕ್ವಾರಿ ಡಸ್ಟೋ?" ಈ ಪ್ರಶ್ನೆಗೆ ತಯಾರಾಗಿಯೇ ಹೋಗಿ. ಕ್ವಾರಿ ಡಸ್ಟ್ ಅಂದರೆ ಜಲ್ಲಿ ಒಡೆಯುವಾಗ ಉಳಿಯುವ ಪುಡಿ. ಎಂ-ಸ್ಯಾಂಡನ್ನು ಮರಳಿಗೆಂದೇ ಒಡೆದು, ಜರಡಿ ಹಿಡಿದು, ಪುಡಿ ಕಡಿಮೆ ಮಾಡಿ ತೆಗೆಯುತ್ತಾರೆ. ಬಾಯಲ್ಲಿ ಹೇಳಿದರೆ ಯಾರೂ ನಂಬಬೇಕಿಲ್ಲ, ಜರಡಿ ಪರೀಕ್ಷೆಯ ಗೆರೆ ತೋರಿಸಬೇಕು. ಮರಳನ್ನು ಕಾಳಿನ ಗಾತ್ರದ ಮೇಲೆ ವಲಯಗಳಾಗಿ ವಿಂಗಡಿಸುವ ಐಎಸ್ 383ರ ಎರಡನೇ ವಲಯದ ಮೇಲಿನ ಮತ್ತು ಕೆಳಗಿನ ಮಿತಿಗೆರೆ, ನಡುವೆ ನಿಮ್ಮ ಮರಳಿನ ಗೆರೆ. ವಲಯ ಯಾವುದು ಅಂತ ಬೇಗ ಹೇಳಲು 600 ಮೈಕ್ರಾನ್ ಜರಡಿ ನೋಡಿ: ಶೇ. 35ರಿಂದ 59ರಷ್ಟು ಕೆಳಗಿಳಿದರೆ ಎರಡನೇ ವಲಯ.

ಇಲ್ಲೊಂದು ಗುಂಡಿ ಇದೆ. 150 ಮೈಕ್ರಾನ್ ಜರಡಿಯಲ್ಲಿ ಮಿತಿ ಶೇ. 10. ನಿಮ್ಮ ಎಂ-ಸ್ಯಾಂಡ್ ಶೇ. 14 ಇಳಿದಿದೆ ಅಂತಿಟ್ಟುಕೊಳ್ಳಿ. ಗೆರೆ ಮಿತಿಯಿಂದ ಹೊರಗೆ ಕಾಣುತ್ತದೆ, ಎಕ್ಸ್‌ಟರ್ನಲ್ ಕಣ್ಣು ಅಲ್ಲಿಗೇ ಹೋಗುತ್ತದೆ. ಒಡೆದ ಕಲ್ಲಿನ ಮರಳಿಗೆ ಆ ಜರಡಿಯ ಮಿತಿಯನ್ನು ಕೋಡೇ ಶೇ. 20ಕ್ಕೆ ಏರಿಸಿದೆ. ಈ ಸಾಲನ್ನು ಆ ಬಿಂದುವಿನ ಪಕ್ಕದಲ್ಲೇ ಬರೆದುಬಿಡಿ.

ಹಂತ 6: ಜಾಗ, ನಂಬರ್, ಹುಡುಕುವ ದಾರಿ

ಬ್ಯಾಕಪ್ ಸ್ಲೈಡುಗಳು ಧನ್ಯವಾದದ ಸ್ಲೈಡಿನ ನಂತರ ಬರಲಿ. ಪವರ್‌ಪಾಯಿಂಟಿನಲ್ಲಿ ಆ ಸ್ಲೈಡುಗಳ ಮೇಲೆ ಬಲ ಕ್ಲಿಕ್ ಮಾಡಿ Hide Slide ಕೊಡಿ. ಆಗ ಕೊನೆಗೆ ಕೈತಪ್ಪಿ ಒಂದು ಸಲ ಜಾಸ್ತಿ ಒತ್ತಿದರೂ ಅವು ತೆರೆದುಕೊಳ್ಳುವುದಿಲ್ಲ. ಅಡಗಿಸಿದ ಸ್ಲೈಡಿಗೂ ನಂಬರ್ ಇರುತ್ತದೆ. ಶೋ ನಡೆಯುವಾಗ ಕೀಬೋರ್ಡಿನಲ್ಲಿ 17 ಒತ್ತಿ ಎಂಟರ್ ಕೊಟ್ಟರೆ ನೇರ ಹದಿನೇಳಕ್ಕೆ ಹೋಗುತ್ತದೆ. ವಾಪಸ್ ಬರಲು ಹಳೆಯ ಸ್ಲೈಡಿನ ನಂಬರ್ ಒತ್ತಿ ಎಂಟರ್. ಎಲ್ಲರೆದುರು ಶೋ ನಿಲ್ಲಿಸಿ, ಸ್ಲೈಡುಗಳ ಪಟ್ಟಿಯಲ್ಲಿ ಮೌಸ್ ಹಿಡಿದು ಹುಡುಕುವುದು ನೋಡಲೂ ಚೆನ್ನಾಗಿರುವುದಿಲ್ಲ, ನಿಮ್ಮ ಗಾಬರಿಯೂ ಜಾಸ್ತಿ ಆಗುತ್ತದೆ.

ಒಂದು ಸಣ್ಣ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ನೀರು ಕುಡಿಯುತ್ತೆ – 17. ಐವತ್ತೋ ಎಪ್ಪತ್ತೈದೋ – 18. ಡಸ್ಟೋ ಸ್ಯಾಂಡೋ – 19." ಗೆಳೆಯನ ಮಾತಲ್ಲೇ, ಯಾಕೆಂದರೆ ಹಾಗೆ ಬರೆದರೆ ಕಣ್ಣಿಗೆ ಬೇಗ ಸಿಗುತ್ತದೆ.

ಎಚ್ಚರ ಒಂದು: ಕೊನೆ ಗಳಿಗೆಯಲ್ಲಿ ನಡುವೆ ಒಂದು ಸ್ಲೈಡ್ ಸೇರಿಸಿದರೆ ಅದರ ನಂತರದ ಎಲ್ಲಾ ನಂಬರ್ ಒಂದೊಂದು ಮುಂದಕ್ಕೆ ಹೋಗುತ್ತದೆ, ಚೀಟಿ ಸುಳ್ಳಾಗುತ್ತದೆ. ಹಾಗಾಗಿ ಚೀಟಿ ಬರೆಯುವುದು ಕೊನೆಯ ಕೆಲಸ. ಎಚ್ಚರ ಎರಡು: ಕೆಲವು ಕಡೆ ಕಾಲೇಜಿನ ಕಂಪ್ಯೂಟರಿಗೆ ಪಿಡಿಎಫ್ ಮಾತ್ರ ಕೇಳುತ್ತಾರೆ. ಪಿಡಿಎಫ್ ಮಾಡಿದ ಮೇಲೆ ತೆರೆದು ಕೊನೆಯವರೆಗೆ ನೋಡಿ. ಅಡಗಿಸಿದ ಸ್ಲೈಡುಗಳು ಸೇರಿವೆಯೋ ಬಿಟ್ಟುಹೋಗಿವೆಯೋ ಅನ್ನುವುದು ಸೆಟ್ಟಿಂಗ್ ಮೇಲೆ ನಿಂತಿದೆ. ಪಿಡಿಎಫ್‌ನಲ್ಲಿ ನಂಬರ್ ಒತ್ತಿ ಹಾರುವ ದಾರಿಯನ್ನೂ ನೆಚ್ಚಬೇಡಿ. ಎಂಡ್ ಕೀ ಒತ್ತಿ ಹಿಂದಿನಿಂದ ಬರುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 7: ಎರಡನೇ ಸುತ್ತು

ಎರಡು ದಿನ ಬಿಟ್ಟು ಮಾಡಿ. ಈ ಸಲ ಪೂರ್ತಿ ಪ್ರೆಸೆಂಟೇಶನ್ ಬೇಡ. ಸೋತ ಪ್ರಶ್ನೆಗಳನ್ನು ಮಾತ್ರ, ಕ್ರಮ ತಪ್ಪಿಸಿ, ಮಾತು ಬದಲಿಸಿ ಕೇಳಲು ಹೇಳಿ. "ನೀರು ಕುಡಿಯಲ್ವಾ" ಅಂತ ಕೇಳಿದವನು ಈಗ "ಎಲ್ಲಾ ಮಿಶ್ರಣಕ್ಕೂ ಒಂದೇ ಬಕೆಟ್ ನೀರಾ?" ಅಂತ ಕೇಳಲಿ. ಪ್ರಶ್ನೆ ಅದೇ ಅಂತ ನಿಮಗೆ ಹೊಳೆಯಿತಾ ನೋಡಿ. ಹೊಳೆಯದಿದ್ದರೆ ನೀವು ಸ್ಲೈಡನ್ನು ಕಲಿತಿದ್ದೀರಿ, ವಿಷಯವನ್ನಲ್ಲ.

ಈ ಸುತ್ತಿಗೆ ನಿಮ್ಮದೇ ವಿಭಾಗದ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಬದಲಾವಣೆ ಮಾಡಿದ್ದು ತೂಕದಲ್ಲೋ ಗಾತ್ರದಲ್ಲೋ ಅನ್ನುವಂಥ ಪ್ರಶ್ನೆ ಅವರಿಂದಲೇ ಬರಬೇಕು.

ಉತ್ತರಿಸುವ ಕ್ರಮ ಹೀಗಿರಲಿ: ಮೊದಲು ಒಂದು ವಾಕ್ಯದ ಉತ್ತರ ಬಾಯಲ್ಲಿ. ಆಮೇಲೆ "ಲೆಕ್ಕ ತೋರಿಸಲಾ ಸರ್?" ಅಂತ ಕೇಳಿ. ಹೂಂ ಅಂದರೆ ಮಾತ್ರ ಸ್ಲೈಡ್. ಪ್ರಶ್ನೆ ಮುಗಿಯುವ ಮೊದಲೇ ಬ್ಯಾಕಪ್ ಎಳೆದು ತೋರಿಸಿದರೆ, "ಈ ಪ್ರಶ್ನೆ ಬರಲಿ ಅಂತ ಕಾಯ್ತಾ ಇದ್ದ" ಅನಿಸುತ್ತದೆ. ಜೊತೆಗೆ ಎಷ್ಟೋ ಸಲ ಅವರಿಗೆ ಆ ಒಂದು ವಾಕ್ಯವೇ ಸಾಕಾಗಿರುತ್ತದೆ.

ಗೆಳೆಯನ ಕೈಲಿ ಗಡಿಯಾರ ಕೊಡಿ. ಪ್ರಶ್ನೆ ಮುಗಿದ ಹತ್ತು ಸೆಕೆಂಡಿನೊಳಗೆ ಮೊದಲ ವಾಕ್ಯ, "ತೋರಿಸಿ" ಅಂದ ಐದು ಸೆಕೆಂಡಿನೊಳಗೆ ಸರಿಯಾದ ಸ್ಲೈಡ್. ಐದು ಸೆಕೆಂಡಿಗೆ ಸಿಗದ ಬ್ಯಾಕಪ್ ಅವತ್ತು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಹದಿನೈದು ಸ್ಲೈಡಿನ ಪ್ರೆಸೆಂಟೇಶನ್ನಿಗೆ ಆರೇಳು ಬ್ಯಾಕಪ್ ಮೀರಬೇಡಿ. ಇಪ್ಪತ್ತೈದು ಮಾಡಿಕೊಂಡವರು ಸರಿಯಾದದ್ದನ್ನು ಹುಡುಕುತ್ತಾ ನಿಂತದ್ದನ್ನು ನೋಡಿದ್ದೇನೆ.

ಈ ಸುತ್ತಿನಲ್ಲೂ ಒಂದೆರಡು ಹೊಸ ಪ್ರಶ್ನೆ ಏಳುತ್ತವೆ. ಅವನ್ನೂ ಅದೇ ನಾಲ್ಕು ಗುಂಪಿಗೆ ಹಾಕಿ. ಹೊಸ ಸ್ಲೈಡ್ ಬೇಕಾದರೆ ಕೊನೆಗೇ ಸೇರಿಸಿ, 20 ಅಂತ, ಚೀಟಿಯ ಉಳಿದ ನಂಬರ್ ಕೆಡದ ಹಾಗೆ.